ಏಲಕ್ಕಿಯ ಹನ್ನೆರಡು, ಮೆಣಸಿನ ಹದಿನೈದು

ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮ್ಮ ತೋಟದ ಎಣ್ಣೆಗಳನ್ನೇ ಆರಿಸಿಕೊಂಡಿದ್ದೆ. ಸೋಮವಾರಪೇಟೆ ಕಡೆಯ ತೋಟ. ಕಾಫಿಯೇ ಮುಖ್ಯ ಬೆಳೆ. ನೆರಳಿನ ಮರಗಳಿಗೆ ಹಬ್ಬಿದ ಕಾಳುಮೆಣಸು, ತೋಡಿನ ಬದಿಯ ತೇವದಲ್ಲಿ ಏಲಕ್ಕಿ, ಮನೆ ಹಿಂದೆ ಲವಂಗದ ಮರ, ಅಜ್ಜನ ಕಾಲದಿಂದ ಉಳಿದು ಬಂದ ಒಂದಿಷ್ಟು ಕಿತ್ತಳೆ ಗಿಡ. ಇವನ್ನೆಲ್ಲ ಬೇರೆ ಬೇರೆಯಾಗಿ ಜಜ್ಜಿ, ನೀರಿನ ಜೊತೆ ಕ್ಲೆವೆಂಜರ್ ಉಪಕರಣದಲ್ಲಿ ಕುದಿಸಿ, ಪಕ್ಕದ ಗಾಜಿನ ಕೊಳವೆಯಲ್ಲಿ ಬಂದು ಸೇರಿದ ಎಣ್ಣೆಯನ್ನು ಸಣ್ಣ ಶೀಶೆಗಳಿಗೆ ಇಳಿಸಿ, ಎಣ್ಣೆಯ ಅಂಶಗಳನ್ನು ಬೇರ್ಪಡಿಸಿ ಗುರುತಿಸುವ ಜಿಸಿ-ಎಂಎಸ್ ಪರೀಕ್ಷೆಗೆ ಕಳಿಸಿದ್ದಾಯಿತು. ವರದಿಯಲ್ಲಿ ಪ್ರತಿ ಸಾಲಿಗೂ ಒಂದು ಹೆಸರು, ಒಂದು ಫಾರ್ಮುಲಾ, ಒಂದು ಶೇಕಡಾವಾರು ಇತ್ತು. ಯಾವುದು ಮೊನೊಟರ್ಪೀನ್, ಯಾವುದು ಸೆಸ್ಕ್ವಿಟರ್ಪೀನ್ ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಟರ್ಪೀನ್ ಎಂದರೆ ಐಸೋಪ್ರೀನ್ ಎಂಬ ಐದು ಕಾರ್ಬನ್ನಿನ ಘಟಕಗಳಿಂದ ಗಿಡ ಕಟ್ಟಿದ ಅಣು. ಎರಡು ಘಟಕ ಇದ್ದರೆ ಮೊನೊ, ಮೂರಿದ್ದರೆ ಸೆಸ್ಕ್ವಿ. ಸುಗಂಧ ತೈಲದ ಪ್ರಬಂಧವೆಂದರೆ ಆ ವರ್ಗೀಕರಣದ ಕೋಷ್ಟಕ ಇರಲೇಬೇಕು. ಅದನ್ನು ತುಂಬುವ ಕೆಲಸ ನನ್ನದು.

ಮೇಲ್ನೋಟಕ್ಕೆ ಇದು ಎಕ್ಸೆಲ್‌ಗೆ ಒಪ್ಪಿಸಬಹುದಾದ ಕೆಲಸ. ಫಾರ್ಮುಲಾದಲ್ಲಿ C10 ಇದ್ದರೆ ಮೊನೊ, C15 ಇದ್ದರೆ ಸೆಸ್ಕ್ವಿ ಎಂದು ಸೋಸಿದರೆ ಮುಗಿಯಿತಲ್ಲ ಎನಿಸುತ್ತದೆ. ಆದರೆ ಹಾಗೆ ಸೋಸಿದರೆ ಏಲಕ್ಕಿ ಎಣ್ಣೆಯ ಅತಿ ದೊಡ್ಡ ಸಾಲುಗಳಲ್ಲಿ ಒಂದು ಯಾವ ಪೆಟ್ಟಿಗೆಗೂ ಬೀಳುವುದಿಲ್ಲ. ಅದು ಆಲ್ಫಾ-ಟರ್ಪಿನೈಲ್ ಅಸಿಟೇಟ್, ಫಾರ್ಮುಲಾ C12H20O2. ಹನ್ನೆರಡು ಕಾರ್ಬನ್! ಏಲಕ್ಕಿ ಎಣ್ಣೆಯಲ್ಲಿ ಸಿನಿಯೋಲ್ ಮತ್ತು ಈ ಅಸಿಟೇಟ್ ಎರಡೇ ಬಹುಪಾಲು. ಅದರಲ್ಲೊಂದು ಹೊರಗುಳಿದರೆ ಕೋಷ್ಟಕಕ್ಕೆ ಅರ್ಥವೇ ಇರುವುದಿಲ್ಲ. ಇತ್ತ ಲವಂಗದ ಎಣ್ಣೆಯ ಯೂಜಿನಾಲ್, C10H12O2, ಹತ್ತು ಕಾರ್ಬನ್ ಇದೆ ಎಂಬ ಒಂದೇ ಕಾರಣಕ್ಕೆ ಮೊನೊಟರ್ಪೀನ್ ಪೆಟ್ಟಿಗೆಯಲ್ಲಿ ಹೋಗಿ ಕೂರುತ್ತದೆ. ಅದು ಟರ್ಪೀನೇ ಅಲ್ಲ.

ಗೈಡ್ ಸರ್ ವರದಿಯ ಹಾಳೆ ತಿರುವುತ್ತಾ ಹೇಳಿದ್ದು ಇಷ್ಟು: "ನೋಡಮ್ಮ, ಎಣಿಸೋದು ಕೊನೇ ಕೆಲಸ. ಮೊದಲು ಹಂದರ ಬರಿ, ಆಮೇಲೆ ಕತ್ತರಿಸು. ಎಲ್ಲಾ ತುಂಡೂ ಐದೈದರದ್ದಾಗಿ, ಸರಿಯಾದ ಆಕಾರದಲ್ಲಿ ಬಂದ್ರೆ ಎಣಿಸು."

ಸರಿಯಾದ ಆಕಾರ ಎಂಬ ಮಾತಿನಲ್ಲೇ ಎಲ್ಲಾ ಇದೆ. ಐಸೋಪ್ರೀನ್ C5H8. ನಾಲ್ಕು ಕಾರ್ಬನ್ನಿನ ಸರಪಳಿ, ಅದರ ಎರಡನೇ ಕಾರ್ಬನ್ನಿಗೆ ಒಂದು ಮೀಥೈಲ್ ಕವಲು. ಕವಲಿನ ಕಡೆಯ ತುದಿಯನ್ನು ತಲೆ, ಆಚೆ ತುದಿಯನ್ನು ಬಾಲ ಎನ್ನುತ್ತೇವೆ. ಹಂದರ ಹುಡುಕುವಾಗ ದ್ವಿಬಂಧಗಳು ಎಲ್ಲಿವೆ ಎಂದು ನೋಡಬೇಕಿಲ್ಲ, ಗಿಡದೊಳಗೆ ಅವು ಜಾಗ ಬದಲಿಸುತ್ತವೆ, ಮಾಯವೂ ಆಗುತ್ತವೆ. ಉಳಿಯುವುದು ಕಾರ್ಬನ್ ಕಾರ್ಬನ್ನಿಗೆ ಅಂಟಿದ ರೀತಿ ಮಾತ್ರ. ಹಾಗಾಗಿ ನಾನು ಹುಡುಕಬೇಕಾದದ್ದು ಒಂದು ನಡುವಿನ ಕಾರ್ಬನ್, ಅದಕ್ಕೆ ಅಂಟಿದ ಮೂರು ಕಾರ್ಬನ್, ಆ ಮೂರರಲ್ಲಿ ಒಂದರಿಂದ ಮುಂದಕ್ಕೆ ಇನ್ನೊಂದು. ಒಟ್ಟು ಐದು. ಐದು ಕಾರ್ಬನ್ ನೇರ ಸಾಲಾಗಿ ಬಂದರೆ ಅದು ಐಸೋಪ್ರೀನ್ ಘಟಕವಲ್ಲ. ನಡುವಿನ ಒಂದಕ್ಕೆ ನಾಲ್ಕೂ ಅಂಟಿಕೊಂಡರೆ ಅದೂ ಅಲ್ಲ.

ಒಟ್ಟೊ ವಾಲಾಕ್ 1887ರಲ್ಲೇ ಟರ್ಪೀನುಗಳನ್ನು ಐಸೋಪ್ರೀನ್ ತುಂಡುಗಳಿಂದ ಕಟ್ಟಿದಂತೆ ನೋಡಬಹುದು ಎಂದಿದ್ದರು. 1910ರ ನೊಬೆಲ್ ಅವರಿಗೆ ಬಂತು. ಆ ತುಂಡುಗಳು ಸಾಮಾನ್ಯವಾಗಿ ಒಂದರ ತಲೆಗೆ ಇನ್ನೊಂದರ ಬಾಲ ಎಂಬಂತೆ ಕೂಡುತ್ತವೆ ಎಂಬುದನ್ನು ಗಟ್ಟಿ ಮಾಡಿದವರು ಲಿಯೊಪೋಲ್ಡ್ ರುಜಿಚ್ಕ. ಅವರ ಹೆಸರು ಈ ಬರಹದ ಕೊನೆಗೆ ಮತ್ತೆ ಬೇಕಾಗುತ್ತದೆ.

ಕಿತ್ತಳೆ ಸಿಪ್ಪೆಯಿಂದ ಶುರು ಮಾಡಿದೆ. ಅದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಲಿಮೊನೀನ್, C10H16. ಆರು ಕಾರ್ಬನ್ನಿನ ಉಂಗುರ ಬರೆದು 1ರಿಂದ 6ರವರೆಗೆ ಸಂಖ್ಯೆ ಕೊಟ್ಟೆ. 1ಕ್ಕೆ ಮೀಥೈಲ್ ಇದೆ, ಅದು 7. ಎದುರಿನ 4ಕ್ಕೆ ಮೂರು ಕಾರ್ಬನ್ನಿನ ಗುಂಪು ಅಂಟಿದೆ: ನಡುವಿನದು 8, ಅದರ ಎರಡು ತುದಿಗಳು 9 ಮತ್ತು 10. ದ್ವಿಬಂಧಗಳಲ್ಲಿ ಒಂದು ಉಂಗುರದೊಳಗೆ 1 ಮತ್ತು 2ರ ನಡುವೆ, ಇನ್ನೊಂದು 8ರ ಹೊರಗೆ.

ಕತ್ತರಿಸುವಾಗ ತುದಿಗಳಿಂದ ಒಳಗೆ ಬರುವುದೇ ಸುಲಭ. 9 ಮತ್ತು 10 ಎರಡಕ್ಕೂ 8 ಬಿಟ್ಟರೆ ಬೇರೆ ಕಾರ್ಬನ್ ನೆಂಟಸ್ತಿಕೆ ಇಲ್ಲ, ಆದ್ದರಿಂದ ಮೂರೂ ಒಂದೇ ಘಟಕದಲ್ಲಿ ಇರಲೇಬೇಕು. 8ರ ಮೂರನೇ ನೆಂಟ 4. ಐದನೆಯದಾಗಿ 4ರ ಪಕ್ಕದ 3 ಅಥವಾ 5 ಬರಬೇಕು. 3 ತೆಗೆದುಕೊಂಡರೆ ಉಳಿಯುವುದು 7, 1, 2, 6, 5. ನಡುವೆ 1, ಸುತ್ತ 7, 2, 6, ಆರರಿಂದ ಮುಂದಕ್ಕೆ 5. ಒಳ್ಳೆಯ ಐಸೋಪ್ರೀನ್ ಆಕಾರ. 5 ತೆಗೆದುಕೊಂಡರೂ ಅಷ್ಟೇ, ಉಳಿದ ಐದು ಮತ್ತೆ ಅದೇ ಆಕಾರದಲ್ಲಿ ನಿಲ್ಲುತ್ತವೆ. ಎರಡು ಘಟಕ, ಹತ್ತು ಕಾರ್ಬನ್, ಮೊನೊಟರ್ಪೀನ್. ವರ್ಗ ಹೇಳುವುದಕ್ಕೆ ಇಷ್ಟೇ ಸಾಕು.

ಆದರೆ ಎರಡು ರೀತಿಯಲ್ಲಿ ಕತ್ತರಿಸಬಹುದು ಎಂದಾದರೆ ಗಿಡ ಕಟ್ಟಿದ್ದು ಯಾವ ರೀತಿಯಲ್ಲಿ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಉತ್ತರ ಉಂಗುರದ ದ್ವಿಬಂಧದಲ್ಲಿದೆ. ಗಿಡ ಶುರುಮಾಡುವುದು ಜೆರನೈಲ್ ಪೈರೋಫಾಸ್ಫೇಟ್ ಎಂಬ ಹತ್ತು ಕಾರ್ಬನ್ನಿನ ಸರಪಳಿಯಿಂದ. ಫಾಸ್ಫೇಟ್ ಇರುವ ಕಡೆಯ ಘಟಕದಲ್ಲಿ ದ್ವಿಬಂಧ ಇರುವುದು ಕವಲಿನ ಕಾರ್ಬನ್ನಿಗೂ ಅದರಿಂದ ಬಾಲದ ಕಡೆಗಿರುವ ಕಾರ್ಬನ್ನಿಗೂ ನಡುವೆ. ಉಂಗುರ ಮುಚ್ಚಿಕೊಂಡ ಮೇಲೂ ಅದು ಅಲ್ಲೇ ಇರುತ್ತದೆ. ಅಂದರೆ 1ರಿಂದ 2, 2ರಿಂದ 3 ಬಾಲದ ದಾರಿ. ಹಾಗಾದರೆ 3 ಮೀಥೈಲ್ ಕಡೆಯ ಘಟಕಕ್ಕೆ ಸೇರಿದ್ದು, 5 ಇನ್ನೊಂದಕ್ಕೆ. ಘಟಕಗಳ ನಡುವಿನ ಬಂಧಗಳು ಎರಡು: 5 ಮತ್ತು 6ರ ನಡುವಿನದು ತಲೆ-ಬಾಲದ ಕೂಡಿಕೆ, 3 ಮತ್ತು 4ರ ನಡುವಿನದು ಆಮೇಲೆ ಉಂಗುರ ಮುಚ್ಚಿದ ಬಂಧ.

ಇದನ್ನು ಬರೆದಿಟ್ಟುಕೊಂಡು, ಯಂತ್ರದಲ್ಲಿ ಒಡೆದ ಅಣುವಿನ ಚೂರುಗಳ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್ ಹಾಳೆಗಳಲ್ಲಿ ಲಿಮೊನೀನಿನದನ್ನು ತೆರೆದಾಗ ಮೈ ಜುಮ್ಮೆಂದಿತು. ಅಣುವಿನ ತೂಕ 136. ಹಾಳೆಯಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ನಿಂತ ಗೆರೆ 68ರಲ್ಲಿ. ಸರಿಯಾಗಿ ಅರ್ಧ! C5H8ನ ತೂಕ 68. ಆರರ ಉಂಗುರದಲ್ಲಿ ಒಂದು ದ್ವಿಬಂಧ ಇದ್ದರೆ, ಎಲೆಕ್ಟ್ರಾನಿನ ಹೊಡೆತಕ್ಕೆ ಆ ಉಂಗುರ ದ್ವಿಬಂಧದಿಂದ ಒಂದು ಬಂಧ ಬಿಟ್ಟು ಅದರಾಚೆಯ ಬಂಧದಲ್ಲಿ ಎರಡೂ ಕಡೆ ಬಿರಿಯುತ್ತದೆ. ರೆಟ್ರೊ ಡೀಲ್ಸ್-ಆಲ್ಡರ್ ಎಂದು ನಾವು ಓದುವ ಕ್ರಿಯೆ. ಲಿಮೊನೀನಿನಲ್ಲಿ ಹಾಗೆ ಬಿರಿಯುವ ಬಂಧಗಳು 3 ಮತ್ತು 4ರ ನಡುವಿನದು, 5 ಮತ್ತು 6ರ ನಡುವಿನದು. ಪೆನ್ಸಿಲಿನಲ್ಲಿ ನಾನು ಗೆರೆ ಎಳೆದದ್ದೂ ಅಲ್ಲೇ. ಲಿಮೊನೀನಿನ ಆವಿಯನ್ನು ಕೆಂಪಗೆ ಕಾದ ಲೋಹದ ತಂತಿಯ ಮೇಲೆ ಹಾಯಿಸಿ ಐಸೋಪ್ರೀನ್ ತಯಾರಿಸುವ ಹಳೆಯ ವಿಧಾನವೂ ಇದೇ ಬಿರಿತವನ್ನೇ ನೆಚ್ಚಿಕೊಂಡದ್ದು. ಎಲ್ಲಾ ಟರ್ಪೀನೂ ಹೀಗೆ ಯಂತ್ರದೊಳಗೆ ಐಸೋಪ್ರೀನಾಗಿ ಬಿರಿಯುತ್ತದೆ ಎಂದುಕೊಳ್ಳಬಾರದು. ಲಿಮೊನೀನಿನಲ್ಲಿ ದ್ವಿಬಂಧ ಬಿದ್ದ ಜಾಗ ಹಾಗಿದೆ, ಅದಕ್ಕೆ ಬಿರಿಯುತ್ತದೆ.

ಮುಂದೆ ಏಲಕ್ಕಿ. ಇಲ್ಲಿ ಬೇಕಾದದ್ದು ಆಕ್ಸಿಜನ್ ಬಗ್ಗೆ ಒಂದು ನಿಯಮ: ಹಂದರ ಎಂದರೆ ಕಾರ್ಬನ್ ಕಾರ್ಬನ್ನಿಗೆ ನೇರವಾಗಿ ಅಂಟಿದ ಜಾಲ ಮಾತ್ರ. ನಡುವೆ ಆಕ್ಸಿಜನ್ ಬಂದರೆ ಅಲ್ಲಿ ಕತ್ತರಿ ಹಾಕಬೇಕು. ಕಾರ್ಬನ್-ಆಕ್ಸಿಜನ್ ಏಕಬಂಧಗಳನ್ನೆಲ್ಲ ಮೊದಲು ಕತ್ತರಿಸಿ, ಉದುರಿದ ಪ್ರತಿ ತುಂಡನ್ನೂ ಬೇರೆಬೇರೆಯಾಗಿ ಎಣಿಸಬೇಕು.

ಟರ್ಪಿನೈಲ್ ಅಸಿಟೇಟ್ ಬರೆದೆ. ಲಿಮೊನೀನಿನದೇ ಉಂಗುರ, 1ರಲ್ಲಿ ಅದೇ ಮೀಥೈಲ್, 4ರಲ್ಲಿ ಅದೇ ಮೂರರ ಗುಂಪು. ವ್ಯತ್ಯಾಸ 8ರಲ್ಲಿ: ಅಲ್ಲಿ ದ್ವಿಬಂಧದ ಬದಲು ಒಂದು ಆಕ್ಸಿಜನ್, ಅದರಾಚೆ ಕಾರ್ಬೊನಿಲ್ ಮತ್ತು ಒಂದು ಮೀಥೈಲ್. 8 ಮತ್ತು ಆಕ್ಸಿಜನ್ ನಡುವೆ ಕತ್ತರಿಸಿದರೆ ಒಂದು ಕಡೆ ಹತ್ತು, ಇನ್ನೊಂದು ಕಡೆ ಎರಡು. ಆ ಎರಡು ಅಸಿಟಿಕ್ ಆಮ್ಲದ ಪಾಲು. ಟರ್ಪಿನಿಯೋಲ್ ಎಂಬ ಆಲ್ಕೋಹಾಲ್ ತಯಾರಾದ ಮೇಲೆ ಬಂದು ಅಂಟಿದ್ದು, ಐಸೋಪ್ರೀನಿಗೂ ಅದಕ್ಕೂ ಸಂಬಂಧವಿಲ್ಲ. ಉಳಿದ ಹತ್ತು ಲಿಮೊನೀನಿನ ಹಾಗೆಯೇ ಎರಡು ಘಟಕಗಳಾಗಿ ಬೀಳುತ್ತವೆ. ಆಕ್ಸಿಜನ್ ಇರುವ ಮೊನೊಟರ್ಪೀನ್, ಅಷ್ಟೇ. ಇದೇ ವರದಿಯಲ್ಲಿದ್ದ ಲಿನಲೈಲ್ ಅಸಿಟೇಟ್‌ಗೂ ಫಾರ್ಮುಲಾ C12H20O2 ತಾನೆ. ಅದಕ್ಕೆ ಉಂಗುರವೇ ಇಲ್ಲ, ಆದರೂ ಕತ್ತರಿ ಹಾಕುವ ಜಾಗ ಅದೇ, ಬರುವ ಉತ್ತರವೂ ಅದೇ.

ಈ ಸಾಲಿನಲ್ಲಿ ಯಂತ್ರವೂ ಸ್ವಲ್ಪ ದಾರಿ ತಪ್ಪಿಸುತ್ತದೆ, ಸ್ವಲ್ಪ ದಾರಿ ತೋರಿಸುತ್ತದೆ. ಧ್ರುವೀಯವಲ್ಲದ ಕಾಲಮ್ಮಿನಲ್ಲಿ ಹಗುರದ ಮೊನೊಟರ್ಪೀನುಗಳು ಮೊದಲು, ಸೆಸ್ಕ್ವಿಟರ್ಪೀನುಗಳು ತಡವಾಗಿ ಹೊರಬರುತ್ತವೆ. ಹೊರಬರುವ ಹೊತ್ತಿನ ಅಳತೆಯೇ ರಿಟೆನ್ಶನ್ ಇಂಡೆಕ್ಸ್: ಲಿಮೊನೀನಿನದು ಸುಮಾರು 1030, ಮೆಣಸಿನ ಕ್ಯಾರಿಯೊಫಿಲೀನಿನದು ಸುಮಾರು 1420. ಟರ್ಪಿನೈಲ್ ಅಸಿಟೇಟ್ ಬರುವುದು 1350ರ ಆಸುಪಾಸಿನಲ್ಲಿ, ಅಂದರೆ ಸೆಸ್ಕ್ವಿಗಳ ನೆರೆಯಲ್ಲಿ. ಹೊರಬಂದ ಹೊತ್ತು ನೋಡಿ ವರ್ಗ ಹೇಳಿದರೆ ಇದು ತಪ್ಪು ಪೆಟ್ಟಿಗೆಗೆ ಹೋಗುತ್ತದೆ. ಆದರೆ ಅದರ ಮಾಸ್ ಸ್ಪೆಕ್ಟ್ರಮ್ ನೋಡಿದರೆ, ಅಣುವಿನ ಪೂರ್ತಿ ತೂಕವಾದ 196ರ ಗೆರೆ ಕಣ್ಣಿಗೆ ಬೀಳುವುದೇ ಕಷ್ಟ. 136ರಲ್ಲಿ, ಅದರಿಂದ ಇನ್ನೊಂದು ಮೀಥೈಲ್ ಕಳಚಿದ 121ರಲ್ಲಿ ಗೆರೆಗಳು ಚೆನ್ನಾಗಿ ಎದ್ದಿರುತ್ತವೆ. 196ರಿಂದ ಅಸಿಟಿಕ್ ಆಮ್ಲದ 60 ಕಳೆದರೆ 136, ಅದೇ C10H16. ಆಕ್ಸಿಜನ್ನಿನ ಬಳಿ ನಾನು ಹಾಕಿದ ಕತ್ತರಿಯನ್ನು ಯಂತ್ರವೂ ಹಾಕಿರುತ್ತದೆ.

ಸಿನಿಯೋಲ್‌ನಲ್ಲಿ, C10H18O, ಆಕ್ಸಿಜನ್ ಒಂದು ಸೇತುವೆಯಾಗಿ 1 ಮತ್ತು 8ನ್ನು ಕೂಡಿಸುತ್ತದೆ. ಬರೆದ ಚಿತ್ರ ನೋಡಿದರೆ ಉಂಗುರದೊಳಗೊಂದು ಉಂಗುರ, ಲಿಮೊನೀನಿಗೂ ಇದಕ್ಕೂ ಏನೂ ಸಂಬಂಧ ಕಾಣಿಸದು. ಸೇತುವೆಯ ಎರಡು ಬಂಧ ಕತ್ತರಿಸಿ, ಕಾರ್ಬನ್ ಒಂದೂ ಉದುರುವುದಿಲ್ಲ, ಅದೇ ಹತ್ತರ ಹಂದರ ಬಿಚ್ಚಿಕೊಳ್ಳುತ್ತದೆ. ನಮ್ಮ ಕಿತ್ತಳೆ ಸಿಪ್ಪೆಗೂ ಏಲಕ್ಕಿಯ ಎರಡು ಮುಖ್ಯ ಅಣುಗಳಿಗೂ ಹಂದರ ಒಂದೇ ಎಂಬುದು ಆವತ್ತು ನನಗೆ ಹೊಸದಾಗಿತ್ತು. ಇಷ್ಟು ಬೇರೆ ಬೇರೆ ವಾಸನೆಗಳಿಗೆ ಒಂದೇ ಹಂದರ!

ಅದೇ ಕತ್ತರಿ ಲವಂಗದ ಯೂಜಿನಾಲ್ ಮೇಲೂ ಆಡಿಸಬೇಕು. ಬೆಂಜೀನ್ ಉಂಗುರ, ಅದರಿಂದ ನೇರವಾಗಿ ಹೊರಟ ಮೂರು ಕಾರ್ಬನ್ನಿನ ಸರಪಳಿ, ಒಂದು ಹೈಡ್ರಾಕ್ಸಿಲ್, ಒಂದು ಮೆಥಾಕ್ಸಿ. ಮೆಥಾಕ್ಸಿಯ ಆಕ್ಸಿಜನ್ ಬಳಿ ಕತ್ತರಿಸಿದರೆ ಒಂದು ಕಾರ್ಬನ್ ಬೇರೆಯಾಗಿ ಒಂಬತ್ತು ಉಳಿಯುತ್ತದೆ. ಒಂಬತ್ತು ಐದರಿಂದ ಭಾಗವಾಗುವುದಿಲ್ಲ. ಆಕಾರವೂ ಕೂಡಿಬರುವುದಿಲ್ಲ: ಮೂರರ ಸರಪಳಿಗೆ ಕವಲೇ ಇಲ್ಲ. ಇದು ಫಿನೈಲ್‌ಪ್ರೊಪೇನ್ ಗುಂಪಿನದು, ಗಿಡ ಅದನ್ನು ಫಿನೈಲ್‌ಅಲನಿನ್ ಎಂಬ ಅಮೈನೊ ಆಮ್ಲದಿಂದ ಮಾಡುತ್ತದೆ. ನನ್ನ ಕೋಷ್ಟಕದಲ್ಲಿ ಇದಕ್ಕೆ ಬೇರೆಯೇ ತಲೆಬರಹ ಕೊಟ್ಟೆ. ಹನ್ನೆರಡು ಮೊನೊಟರ್ಪೀನ್ ಆಯಿತು, ಹತ್ತು ಆಗಲಿಲ್ಲ.

ಇನ್ನು ಕಾಳುಮೆಣಸು. ಅದರ ಎಣ್ಣೆಯಲ್ಲಿ ಲಿಮೊನೀನ್, ಪೈನೀನ್, ಸಬಿನೀನ್ ಎಲ್ಲ ಇವೆ. ಅವು ಹತ್ತರವು, ಬೇಗ ಮುಗಿದವು. ಕೂತು ಬಿಡಿಸಬೇಕಾದದ್ದು ಬೀಟಾ-ಕ್ಯಾರಿಯೊಫಿಲೀನ್, C15H24. ಫಾರ್ಮುಲಾ ಸೆಸ್ಕ್ವಿಟರ್ಪೀನ್ ಎಂದು ಮೊದಲೇ ಕೂಗಿ ಹೇಳುತ್ತದೆ ನಿಜ. ಆದರೆ ಒಂಬತ್ತರ ಉಂಗುರಕ್ಕೆ ನಾಲ್ಕರ ಉಂಗುರ ಅಂಟಿಕೊಂಡಿರುವ ಈ ವಿಚಿತ್ರ ಅಣುವಿನೊಳಗೆ ಮೂರು ಐಸೋಪ್ರೀನ್ ಎಲ್ಲಿ ಅಡಗಿವೆ ಎಂದು ತೋರಿಸದೆ ಸರ್ ಸಹಿ ಹಾಕುವವರಲ್ಲ. ನನಗೂ ಅದು ಬೇಕಿತ್ತು.

ಓದುವವರೂ ಒಂದು ಹಾಳೆ ತೆಗೆದುಕೊಂಡರೆ ಚೆನ್ನ. ಪುಸ್ತಕದ ಸಂಖ್ಯೆಗಳನ್ನು ಬಿಟ್ಟು ನನ್ನ ಅನುಕೂಲಕ್ಕೆ ಕೊಟ್ಟುಕೊಂಡ ಸಂಖ್ಯೆ ಹೇಳುತ್ತೇನೆ. ಒಂಬತ್ತರ ಉಂಗುರ ಬರೆದು 1ರಿಂದ 9ರವರೆಗೆ ಗುರುತು ಹಾಕಿ. 1 ಮತ್ತು 9 ಅಕ್ಕಪಕ್ಕ ಇರುತ್ತವೆ, ಅವೆರಡೂ ನಾಲ್ಕರ ಉಂಗುರಕ್ಕೂ ಸೇರಿದವು. ನಾಲ್ಕರ ಉಂಗುರದ ಉಳಿದೆರಡು: 9ರ ಪಕ್ಕ 10, 1ರ ಪಕ್ಕ 11, ಮತ್ತು 10 ಹಾಗೂ 11 ಪರಸ್ಪರ ಕೂಡಿವೆ. 2ಕ್ಕೆ ಹೊರಗಡೆ ಒಂದು ಕಾರ್ಬನ್ ದ್ವಿಬಂಧದಲ್ಲಿ ನಿಂತಿದೆ, ಅದು 12. 6ಕ್ಕೆ ಮೀಥೈಲ್, ಅದು 13. 10ಕ್ಕೆ ಎರಡು ಮೀಥೈಲ್, 14 ಮತ್ತು 15. ಉಂಗುರದೊಳಗಿನ ದ್ವಿಬಂಧ 5 ಮತ್ತು 6ರ ನಡುವೆ. ಒಟ್ಟು ಹದಿನೈದು.

ಶುರು ಮಾಡುವ ಜಾಗ ಎರಡು ಮೀಥೈಲ್ ಒಟ್ಟಿಗೆ ಇರುವ 10. ಇದನ್ನು ಯಾವ ಟರ್ಪೀನಿಗಾದರೂ ಹೇಳುತ್ತೇನೆ: ಒಂದೇ ಕಾರ್ಬನ್ನಿಗೆ ಎರಡು ಮೀಥೈಲ್ ಇದ್ದರೆ ಅಲ್ಲಿಂದಲೇ ಹೊರಡಿ, ಅಲ್ಲಿ ಆಯ್ಕೆ ಕಡಿಮೆ. 14, 15, 10 ಒಂದೇ ಘಟಕದವು ಎಂಬುದು ಖಚಿತ. ನಾಲ್ಕನೆಯದು 11 ಅಥವಾ 9. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಂಡರೆ 10ಕ್ಕೆ ನಾಲ್ಕು ಕೈ ಆಗಿ ಐಸೋಪ್ರೀನ್ ಆಕಾರ ಕೆಡುತ್ತದೆ.

ಮೊದಲು 11ರ ದಾರಿ. ಆಗ ಐದನೆಯದು 1 ಆಗಲೇಬೇಕು, 11ಕ್ಕೆ ಬೇರೆ ನೆಂಟರಿಲ್ಲ. ಘಟಕ 14, 15, 10, 11, 1. ಉಳಿದದ್ದು ನೋಡಿದರೆ 2ಕ್ಕೆ 12 ಮತ್ತು 3 ಎರಡೇ ಉಳಿದಿವೆ, 1 ಖರ್ಚಾಯಿತು. 12ಕ್ಕೆ 2 ಬಿಟ್ಟರೆ ಗತಿಯಿಲ್ಲ. ಹಾಗೆ ಹೊರಟರೆ 12, 2, 3, 4, 5 ಎಂಬ ನೇರ ಸಾಲು ಬರುತ್ತದೆ. ಕವಲಿಲ್ಲದ ಐದು. ಈ ದಾರಿ ಮುಚ್ಚಿತು.

ಹಾಗಾದರೆ 9ರ ದಾರಿ. ಐದನೆಯದು 1 ಅಥವಾ 8. 1 ತೆಗೆದುಕೊಂಡರೆ 11 ಒಂಟಿಯಾಗಿಬಿಡುತ್ತದೆ. ಅದರ ಎರಡು ನೆಂಟರೂ, 10 ಮತ್ತು 1, ಬೇರೆ ಘಟಕಕ್ಕೆ ಹೋದರು. ಅದೂ ಮುಚ್ಚಿತು. ಉಳಿದದ್ದು 8 ಒಂದೇ. ಘಟಕ 14, 15, 10, 9, 8.

ಇದನ್ನು ಕೆಂಪು ಪೆನ್ಸಿಲಿನಲ್ಲಿ ಸುತ್ತಿದ ಕೂಡಲೇ ಉಳಿದದ್ದು ತಾನಾಗಿ ಬಿಚ್ಚಿಕೊಂಡಿತು. ಉಳಿದ ಹತ್ತೂ ಈಗ ಒಂದು ಸರಪಳಿ: 11, 1, 2, 3, 4, 5, 6, 7, ಜೊತೆಗೆ 2ರಲ್ಲಿ 12, 6ರಲ್ಲಿ 13. ತುದಿಯಿಂದ ಎಣಿಸಿದರೆ 11, 1, 2, 12, 3 ಒಂದು ಘಟಕ. 4, 5, 6, 13, 7 ಇನ್ನೊಂದು. ಎರಡಕ್ಕೂ ಕವಲು ಸರಿಯಾದ ಜಾಗದಲ್ಲಿ. ನೀಲಿ, ಹಸಿರು. ಲಿಮೊನೀನಿನಲ್ಲಿ ಎರಡು ಉತ್ತರ ಇತ್ತು, ಇಲ್ಲಿ ಒಂದೇ. ಹೆಚ್ಚು ಸಿಕ್ಕಾಗಿ ಕಾಣುವ ಅಣುವೇ ಹೆಚ್ಚು ಖಚಿತವಾದ ಉತ್ತರ ಕೊಟ್ಟಿತು.

ಕೂಡಿಕೆಗಳನ್ನೂ ಪರೀಕ್ಷಿಸಬೇಕು. ನೀಲಿ ಘಟಕದಲ್ಲಿ ಕವಲು 2, ಅದಕ್ಕೆ ಹತ್ತಿರದ ತುದಿ 3 ತಲೆ, ದೂರದ ತುದಿ 11 ಬಾಲ. ಹಸಿರಿನಲ್ಲಿ 7 ತಲೆ, 4 ಬಾಲ. ಕೆಂಪಿನಲ್ಲಿ 8 ಬಾಲ. 3 ಮತ್ತು 4 ಕೂಡಿವೆ: ತಲೆಗೆ ಬಾಲ. 7 ಮತ್ತು 8 ಕೂಡಿವೆ: ಮತ್ತೆ ತಲೆಗೆ ಬಾಲ. ಗಿಡ ಶುರುಮಾಡುವ ಹದಿನೈದರ ಸರಪಳಿ, ಫಾರ್ನೆಸೈಲ್ ಪೈರೋಫಾಸ್ಫೇಟ್, ಇದೇ ಕ್ರಮದಲ್ಲಿದೆ. ಮಿಕ್ಕ ಎರಡು ಬಂಧ, 10 ಮತ್ತು 11ರ ನಡುವಿನದು, 1 ಮತ್ತು 9ರ ನಡುವಿನದು, ಸರಪಳಿ ತನ್ನ ಮೇಲೆ ತಾನೇ ಬಾಗಿ ಉಂಗುರ ಮುಚ್ಚಿದಾಗ ಆದವು. ಆ ನಾಲ್ಕರ ಉಂಗುರದಲ್ಲಿ ಎರಡು ಕಾರ್ಬನ್ ಕೆಂಪು, ಎರಡು ನೀಲಿ. ಸರಪಳಿಯ ಒಂದು ಕೊನೆಯ ಘಟಕ ಇನ್ನೊಂದು ಕೊನೆಯ ಘಟಕವನ್ನು ಬಂದು ಮುಟ್ಟಿದ ಜಾಗ ಅದು. ಬಣ್ಣ ಹಾಕಿದ ಮೇಲೆ ಆ ಅಣು ನನಗೆ ವಿಚಿತ್ರವಾಗಿ ಕಾಣಲಿಲ್ಲ.

ತಾಳೆ ನೋಡಲು ಒಂದು ಲೆಕ್ಕ ಇಟ್ಟುಕೊಂಡಿದ್ದೆ. ಪ್ರತಿ ಘಟಕದೊಳಗೆ ನಾಲ್ಕು ಬಂಧ. ಘಟಕಗಳನ್ನು ಸಾಲಾಗಿ ಕೂಡಿಸಲು ಘಟಕಗಳ ಸಂಖ್ಯೆಗಿಂತ ಒಂದು ಕಡಿಮೆ ಬಂಧ. ಇವೆರಡನ್ನೂ ಕಳೆದ ಮೇಲೆ ಉಳಿಯುವ ಬಂಧಗಳು ಉಂಗುರಗಳ ಸಂಖ್ಯೆಗೆ ಸಮ ಇರಬೇಕು. ಕ್ಯಾರಿಯೊಫಿಲೀನಿನ ಹಂದರದಲ್ಲಿ 16 ಬಂಧ. 12 ಘಟಕಗಳೊಳಗೆ, 2 ಕೂಡಿಕೆಗೆ, ಉಳಿದದ್ದು 2, ಉಂಗುರ ಎರಡು. ಲಿಮೊನೀನಿನಲ್ಲಿ 10 ಬಂಧ. 8, 1, ಉಳಿದದ್ದು 1. ತಾಳೆಯಾಗದಿದ್ದರೆ ಚಿತ್ರ ಬರೆಯುವಾಗ ಎಲ್ಲೋ ಒಂದು ಗೆರೆ ಹೆಚ್ಚೋ ಕಡಿಮೆಯೋ ಆಗಿದೆ ಎಂದರ್ಥ. ಇನ್ನೊಬ್ಬರ ಚಿತ್ರ ತಿದ್ದುವಾಗ ಇದು ತುಂಬಾ ಸಹಾಯಕ್ಕೆ ಬರುತ್ತದೆ.

ಈ ವಿಧಾನಕ್ಕೆ ಒಂದು ಮಿತಿ ಇದೆ, ಅದು ಎದುರಾದದ್ದು ನನ್ನ ಎಣ್ಣೆಗಳಲ್ಲಲ್ಲ. ಲ್ಯಾಬಿನ ಜೊತೆಗಾತಿ ಚಕ್ಕೋತದ ಸಿಪ್ಪೆಯ ಎಣ್ಣೆ ತೆಗೆದಿದ್ದಳು. ಅವಳ ವರದಿಯಲ್ಲಿ ಸಣ್ಣ ಪ್ರಮಾಣದಲ್ಲಿ ನೂಟ್ಕಟೋನ್ ಇತ್ತು, C15H22O, ಗ್ರೇಪ್‌ಫ್ರೂಟಿನ ವಾಸನೆಗೆ ಹೆಸರಾದದ್ದು. "ಅಕ್ಕ, ಇದು ಎಷ್ಟು ಸಲ ಕತ್ತರಿಸಿದ್ರೂ ಬರ್ತಿಲ್ಲ, ನೀವು ಸ್ವಲ್ಪ ನೋಡಿ" ಎಂದು ಹಾಳೆ ತಂದಳು. ಎರಡು ಆರರ ಉಂಗುರಗಳು ಒಂದು ಬದಿ ಹಂಚಿಕೊಂಡಿವೆ. ಹಂಚಿಕೊಂಡ ಎರಡು ಕಾರ್ಬನ್ನುಗಳಲ್ಲಿ ಒಂದಕ್ಕೆ ಮೀಥೈಲ್, ಅದರ ಪಕ್ಕದ ಕಾರ್ಬನ್ನಿಗೂ ಮೀಥೈಲ್. ಇನ್ನೊಂದು ಉಂಗುರಕ್ಕೆ ಲಿಮೊನೀನಿನಲ್ಲಿ ಇದ್ದಂಥದೇ ಮೂರರ ಗುಂಪು. ಆ ಗುಂಪಿನಿಂದ ಹೊರಟರೆ ಒಂದು ಘಟಕ ಸುಲಭವಾಗಿ ಸಿಗುತ್ತದೆ. ತೊಡಕು ಅಕ್ಕಪಕ್ಕದ ಮೀಥೈಲುಗಳದು. ಅವೆರಡನ್ನೂ ಒಂದೇ ಘಟಕಕ್ಕೆ ಹಾಕಿದರೆ ಉಳಿದ ಐದು ನೇರ ಸಾಲಾಗುತ್ತವೆ ಅಥವಾ ತುಂಡಾಗಿ ಚದುರುತ್ತವೆ. ಬೇರೆ ಬೇರೆ ಘಟಕಕ್ಕೆ ಹಾಕಿದರೆ ಪಕ್ಕದ ಕಾರ್ಬನ್ನಿಗೆ ಕವಲೊಡೆಯಲು ಮೂರನೇ ನೆಂಟನೇ ಇರುವುದಿಲ್ಲ. ಇಬ್ಬರೂ ಕೂತು ಎಲ್ಲಾ ದಾರಿಯನ್ನೂ ಹಿಡಿದು ನೋಡಿದೆವು. ಎಲ್ಲವೂ ಮುಚ್ಚಿದವು.

ಹಾಗಾದರೆ ಇದು ಸೆಸ್ಕ್ವಿಟರ್ಪೀನ್ ಅಲ್ಲವೇ? ಹೌದು, ಸೆಸ್ಕ್ವಿಟರ್ಪೀನೇ. ಹಂಚಿಕೊಂಡ ಕಾರ್ಬನ್ನಿನ ಮೇಲಿನ ಮೀಥೈಲನ್ನು ಕಿತ್ತು, ಹಂಚಿಕೊಂಡ ಇನ್ನೊಂದು ಕಾರ್ಬನ್ನಿನ ಮೇಲೆ ಇಟ್ಟು ನೋಡಿ. ಹಂದರ ಮೂರು ಘಟಕಗಳಾಗಿ ಸಲೀಸಾಗಿ ಬೀಳುತ್ತದೆ. ಗಿಡದಲ್ಲಿ ಆ ಮೀಥೈಲ್ ಮೊದಲು ಇದ್ದದ್ದು ಅಲ್ಲೇ. ಉಂಗುರಗಳು ಮುಚ್ಚಿಕೊಳ್ಳುವಾಗ ಒಂದು ಕಾರ್ಬನ್ನಿನ ಮೇಲೆ ಧನ ಆವೇಶ ಬಂದು, ಪಕ್ಕದ ಮೀಥೈಲ್ ಅದರ ಕಡೆಗೆ ಜರುಗಿ ಕೂತಿತು. ಇಂಥ ಅಣುಗಳನ್ನೂ ಒಳಗೆ ತರುವುದಕ್ಕಾಗಿಯೇ ರುಜಿಚ್ಕ 1953ರಲ್ಲಿ ನಿಯಮವನ್ನು ಬೇರೆ ರೀತಿ ಹೇಳಿದರು: ಕೊನೆಯ ಹಂದರ ಕಡ್ಡಾಯವಾಗಿ ಐಸೋಪ್ರೀನುಗಳಾಗಿ ಬೀಳಬೇಕಿಲ್ಲ, ಐಸೋಪ್ರೀನುಗಳಿಂದ ಕಟ್ಟಿದ ಮೂಲ ಸರಪಳಿಯಿಂದ ಒಪ್ಪಬಹುದಾದ ಹೆಜ್ಜೆಗಳಲ್ಲಿ ಅದು ಹುಟ್ಟಿ ಬಂದಿರಬೇಕು. ಮೀಥೈಲ್ ಜರುಗಿದರೂ ಕಾರ್ಬನ್ ಕಳೆದುಹೋಗಿಲ್ಲ, ಹದಿನೈದು ಹದಿನೈದಾಗಿಯೇ ಇದೆ.

ಆದ್ದರಿಂದ ಕತ್ತರಿ ಸೋತಾಗ ನಾನು ಈಗ ನೋಡುವುದು ಎರಡು ವಿಷಯ. ಆಕ್ಸಿಜನ್ ಬಳಿ ಕತ್ತರಿಸಿದ ಮೇಲೂ ಸಂಖ್ಯೆ 10 ಅಥವಾ 15 ಆಗಿ ನಿಂತಿದೆಯೇ? ಅಕ್ಕಪಕ್ಕದ ಕಾರ್ಬನ್ನುಗಳಲ್ಲಿ ಎರಡು ಮೀಥೈಲ್ ಬಂದು ಕೂತ ಗುರುತಿದೆಯೇ? ಎರಡಕ್ಕೂ ಹೌದು ಎಂದಾದರೆ ಒಂದು ಮೀಥೈಲನ್ನು ಪಕ್ಕಕ್ಕೆ ಸರಿಸಿ ಮತ್ತೆ ಕತ್ತರಿಸಿ ನೋಡುತ್ತೇನೆ. ಯೂಜಿನಾಲ್ ಮೊದಲ ಪ್ರಶ್ನೆಯಲ್ಲೇ ಬಿದ್ದುಹೋಗುತ್ತದೆ, ಅದಕ್ಕೆ ಏನು ಸರಿಸಿದರೂ ಒಂಬತ್ತು ಹತ್ತಾಗುವುದಿಲ್ಲ.

ಕೋಷ್ಟಕದಲ್ಲಿ ಟರ್ಪಿನೈಲ್ ಅಸಿಟೇಟ್ ಸಾಲಿನ ಎದುರು ಒಂದು ನಕ್ಷತ್ರ ಹಾಕಿ ಕೆಳಗೆ ಟಿಪ್ಪಣಿ ಬರೆದೆ: ಎಸ್ಟರಿನ ಆಮ್ಲ ಭಾಗದ ಎರಡು ಕಾರ್ಬನ್ ಬಿಟ್ಟು ಎಣಿಸಲಾಗಿದೆ. ಜೊತೆಗಾತಿಯ ಕೋಷ್ಟಕದಲ್ಲಿ ನೂಟ್ಕಟೋನ್ ಎದುರು ಇನ್ನೊಂದು ನಕ್ಷತ್ರ: ಮೀಥೈಲ್ ಜರುಗಿದ ಹಂದರ. ಕ್ಯಾರಿಯೊಫಿಲೀನಿಗೆ ಟಿಪ್ಪಣಿ ಬೇಕಿರಲಿಲ್ಲ. ಮೂರು ಬಣ್ಣದ ಆ ಚಿತ್ರವನ್ನೇ ಪ್ರಬಂಧದೊಳಗೆ ಸೇರಿಸಲು ಸರ್ ಹೇಳಿದರು.